ಕಣ್ಣಿನದಲ್ಲದ ಹನಿ

2024ರ ಆಗಸ್ಟ್ 25, ಭಾನುವಾರ. ರಾತ್ರಿ 10 ಗಂಟೆ 42 ನಿಮಿಷಕ್ಕೆ ಶಿವಮೊಗ್ಗದ ಒಂದು ಮನೆಯಿಂದ ಮೈಸೂರಿನ ಒಂದು ಮನೆಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಮುಖ ಹೋಯಿತು: 😪. ಹಿಂದೆ ಮುಂದೆ ಒಂದು ಮಾತೂ ಇರಲಿಲ್ಲ. ಕಳಿಸಿದವರು ಎಪ್ಪತ್ತೊಂದು ವರ್ಷದ ವಿಧುರರು. ಪಡೆದವರು ಅರವತ್ನಾಲ್ಕು ವರ್ಷದ ವಿಧವೆ. ಇಬ್ಬರೂ ಮೂರು ತಿಂಗಳಿಂದ ಪರಿಚಿತರು, ಇನ್ನೂ ಮುಖತಃ ಭೇಟಿಯಾಗಿರಲಿಲ್ಲ. ಆ ಮುಖದ ನಂತರ ಹದಿಮೂರು ದಿನ ಆಕೆಯಿಂದ ಒಂದು ಅಕ್ಷರವೂ ಬರಲಿಲ್ಲ.

ನಾನು ಶಿವಮೊಗ್ಗದಲ್ಲಿ ಪ್ರತಿ ಶನಿವಾರ ಹಿರಿಯರಿಗೆ ಮೊಬೈಲ್ ಬಳಕೆ ಕಲಿಸುತ್ತೇನೆ. ಈ ಹಿರಿಯರು ನನ್ನ ತರಗತಿಗೆ ಬಂದದ್ದು ಎಲ್ಲ ಮುಗಿದ ಮೇಲೆ, ಕೈಯಲ್ಲಿ ಒಂದು ನೋಟುಪುಸ್ತಕ ಹಿಡಿದುಕೊಂಡು. ಅವರಿಂದ ಕೇಳಿದ್ದನ್ನು, ಆಮೇಲೆ ಮೈಸೂರಿನ ಆಕೆ ಫೋನಿನಲ್ಲಿ ಹೇಳಿದ್ದನ್ನು ಸೇರಿಸಿ ಇಬ್ಬರ ಒಪ್ಪಿಗೆಯಿಂದ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಅವರನ್ನು ತಂತಿ ಮೇಷ್ಟ್ರು ಎಂದು ಕರೆಯುತ್ತೇನೆ, ಬಡಾವಣೆಯವರೂ ಹಾಗೆಯೇ ಕರೆಯುವುದು.

ಹೆಸರಿಗೆ ಕಾರಣವಿದೆ. ಅವರು ಸುಮಾರು ನಲವತ್ತು ವರ್ಷ ತಂತಿ ಕಚೇರಿಯಲ್ಲಿ ದುಡಿದವರು. 2013ರಲ್ಲಿ ನಿವೃತ್ತರಾದರು, ಅದೇ ವರ್ಷ ಜುಲೈ 14ರಂದು ದೇಶದ ತಂತಿ ಸೇವೆಯೂ ಕೊನೆಯ ಸಂದೇಶಗಳನ್ನು ಸ್ವೀಕರಿಸಿ ನಿಂತುಹೋಯಿತು. ಆ ಕಾಲದಲ್ಲಿ ಬಾಗಿಲಿಗೆ ತಂತಿ ಬಂದರೆ ಮನೆಯವರ ಎದೆ ಧಸಕ್ಕೆನ್ನುತ್ತಿತ್ತು. ಸಾವಿನ ಸುದ್ದಿಯನ್ನು ಎಷ್ಟು ಪದಗಳಲ್ಲಿ ಹೇಳಬೇಕು ಎಂದು ತಿಳಿದ ಮನುಷ್ಯ ಅವರು. ಇದು ಮುಂದಿನದಕ್ಕೆ ಸಂಬಂಧಪಟ್ಟ ವಿಷಯ.

ಜಗಲಿಯ ಪಾಠ

ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು. ಮಗಳು ಬೆಂಗಳೂರಿನಲ್ಲಿ. ‘ಅಪ್ಪ, ಒಬ್ಬರೇ ಇರಬೇಡಿ’ ಎಂದು ಹೇಳಿ ಹೇಳಿ, ಕೊನೆಗೆ ಆಕೆಯೇ ಮರುಮದುವೆಯ ಜಾಲತಾಣವೊಂದರಲ್ಲಿ ಅವರ ವಿವರ ಹಾಕಿದಳು. ಮೇ ಕೊನೆಯಲ್ಲಿ ಮೈಸೂರಿನ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಹೊಂದಾಣಿಕೆಯಾಗುತ್ತಾರೆ ಎಂದು ಆ ಜಾಲತಾಣ ತೋರಿಸಿತು. ಅದರ ಭಾಷೆಯಲ್ಲಿ ಆಕೆ ಒಂದು ‘ಮ್ಯಾಚ್’. ಮೇಷ್ಟ್ರಿಗೆ ಆ ಪದ ಹಿಡಿಸಲಿಲ್ಲ. ಅವರು ಇವತ್ತಿಗೂ ‘ಮೈಸೂರಿನ ಮೇಡಂ’ ಎಂದೇ ಹೇಳುತ್ತಾರೆ.

ಮೊಮ್ಮಗಳಿಗೆ ಹದಿಮೂರು ವರ್ಷ. ಬೇಸಿಗೆ ರಜೆಗೆ ಬಂದಿದ್ದಳು. ಅಜ್ಜ ಎಲ್ಲಕ್ಕೂ ಹೆಬ್ಬೆರಳಿನ 👍 ಒಂದನ್ನೇ ಹಾಕುವುದನ್ನು ನೋಡಿ ಆಕೆಗೆ ತಡೆಯಲಾಗಲಿಲ್ಲ.

‘ಅಜ್ಜ, ಅವರು ಅಷ್ಟು ದೊಡ್ಡದಾಗಿ ಬರೆದಿದ್ದಾರೆ, ನೀನು ಬೆರಳು ತೋರಿಸಿ ಸುಮ್ಮನಾದರೆ ಹೇಗೆ? ಓದಿದೆ, ಮುಗಿಯಿತು ಎಂದ ಹಾಗೆ ಆಗುತ್ತದೆ.’

‘ಸ್ವೀಕೃತಿ ಅಷ್ಟೇ ಪುಟ್ಟಿ. ತಲುಪಿತು ಎಂದು ತಿಳಿಸುವುದು.’

‘ತಲುಪಿತು ಎಂದು ನೀಲಿ ಗೆರೆಯೇ ತೋರಿಸುತ್ತದೆ. ನಿನಗೆ ಏನು ಅನಿಸಿತು ಎಂದು ತೋರಿಸಬೇಕು.’

ಹತ್ತು ದಿನ ಬೆಳಗಿನ ಕಾಫಿಯ ನಂತರ ಜಗಲಿಯ ಮೇಲೆ ಪಾಠ ನಡೆಯಿತು. ದಿನಕ್ಕೆ ಮೂರು ಮುಖ. ಮೇಷ್ಟ್ರು ಗೆರೆ ಹಾಳೆಯ ನೋಟುಪುಸ್ತಕದಲ್ಲಿ ಮೂರು ಕಾಲಂ ಎಳೆದರು: ಚಿತ್ರ, ಹೆಸರು, ಯಾವಾಗ ಬಳಸಬೇಕು. ಚಿತ್ರವನ್ನು ತಾವೇ ಬರೆದರು. ಆ ಪುಸ್ತಕವನ್ನು ನಾನು ನೋಡಿದ್ದೇನೆ. ಮೂವತ್ತು ಮುಖಗಳು, ಪ್ರತಿಯೊಂದೂ ಹಳೆಯ ಎಂಟಾಣೆಯಷ್ಟು ದೊಡ್ಡದು, ನೀಲಿ ಶಾಯಿಯಲ್ಲಿ. 😂ರ ಎದುರು ‘ನಗು ಹೆಚ್ಚಾಗಿ ಕಣ್ಣೀರು. ಸಾವಿನ ಸುದ್ದಿಗೆ ಎಂದಿಗೂ ಬೇಡ’ ಎಂದಿದೆ. 😘ರ ಎದುರು ‘ಮೊಮ್ಮಗಳಿಗೆ ಮಾತ್ರ’. 🙏ರ ಎದುರು ‘ನಮಸ್ಕಾರ, ಧನ್ಯವಾದ’. ಹುಡುಗಿ ಒಳ್ಳೆಯ ಶಿಕ್ಷಕಿ. ಸಾಮಾನ್ಯವಾಗಿ ಹಿರಿಯರು ಎಡವುವ ಜಾಗಗಳನ್ನೆಲ್ಲ ಮೊದಲೇ ಹೇಳಿಕೊಟ್ಟಿದ್ದಳು.

ದುಃಖಕ್ಕೆ ಆಕೆ ಮೂರನ್ನು ಕಲಿಸಿದಳು: ತಲೆ ತಗ್ಗಿಸಿದ 😔, ಒಂದು ಹನಿಯ 😢, ಧಾರಾಕಾರದ 😭. ನಂತರ ಶಾಲೆ ತೆರೆಯುವ ಹೊತ್ತಿಗೆ ಬೆಂಗಳೂರಿಗೆ ಹೊರಟುಹೋದಳು.

ಜೂನ್ ತಿಂಗಳಲ್ಲಿ ಮೇಷ್ಟ್ರು ಒಬ್ಬರೇ ಕುಳಿತು ಮೊಬೈಲಿನ ಸಾಲುಗಳನ್ನು ನೋಡುತ್ತಿದ್ದಾಗ 😔ರ ಪಕ್ಕದಲ್ಲೇ ಇನ್ನೊಂದು ಮುಖ ಕಂಡಿತು. ಕಣ್ಣು ಮುಚ್ಚಿತ್ತು, ಹುಬ್ಬು ಕುಗ್ಗಿತ್ತು, ಒಂದೇ ಒಂದು ನೀಲಿ ಹನಿ ಇಳಿದಿತ್ತು. ಬೇಸರದ ಮುಖದ ಪಕ್ಕದಲ್ಲಿ ಹನಿಯಿರುವ ಮುಖ ಎಂದರೆ ಬೇಸರದ ಮುಂದಿನ ಹಂತ ಇರಬೇಕು ಎಂದು ಅವರು ಊಹಿಸಿದರು. ಪುಸ್ತಕದಲ್ಲಿ ಮೂವತ್ತೊಂದನೆಯ ಸಾಲು ಬರೆದರು: ‘ಅಳು, ಗಂಭೀರ’. ಇದನ್ನು ಪೆನ್ಸಿಲಿನಲ್ಲಿ ಬರೆದರು. ಖಚಿತವಾಗದ್ದನ್ನು ಶಾಯಿಯಲ್ಲಿ ಬರೆಯಬಾರದು ಎಂಬುದು ಕಚೇರಿಯ ಕಾಲದಿಂದ ಬಂದ ಅಭ್ಯಾಸ. ಮೊಮ್ಮಗಳನ್ನು ಕೇಳಿ ಶಾಯಿ ಹಾಕಬೇಕೆಂದಿದ್ದರು, ಮರೆತರು.

ಆ ಭಾನುವಾರದ ಪತ್ರ

ಮೂರು ತಿಂಗಳಲ್ಲಿ ಅವರ ಸಂಭಾಷಣೆಗೆ ಒಂದು ಕ್ರಮ ಬಂದಿತ್ತು. ಬೆಳಿಗ್ಗೆ ನಮಸ್ಕಾರ, ಸಂಜೆ ದಿನದ ವಿವರ, ಭಾನುವಾರ ರಾತ್ರಿ ಮಾತ್ರ ದೊಡ್ಡ ಬರಹ. ಆಕೆ ಕನ್ನಡ ಶಿಕ್ಷಕಿಯಾಗಿದ್ದವರು, ಚೆನ್ನಾಗಿ ಬರೆಯುತ್ತಾರೆ. ಬೆರಳಿನಿಂದ ಒತ್ತುವುದಕ್ಕಿಂತ ಮಾತಾಡಿ ಬರೆಸುವುದು ಹೆಚ್ಚು. ಮೇಷ್ಟ್ರು ಅದನ್ನು ವೇಗಕ್ಕಾಗಿ ಎಂದುಕೊಂಡಿದ್ದರು. ನಿಜವಾದ ಕಾರಣ ಬೇರೆ ಇತ್ತು, ಅದು ಆಮೇಲೆ ಬರುತ್ತದೆ.

ಆಗಸ್ಟ್ 25ರ ರಾತ್ರಿ ಆಕೆ ಗಂಡನ ಕೊನೆಯ ದಿನಗಳ ಬಗ್ಗೆ ಬರೆದರು. ಮೂತ್ರಪಿಂಡ ಸೋತು ಆಸ್ಪತ್ರೆ ಸೇರಿದ್ದ ಗಂಡನ ಪಕ್ಕದಲ್ಲಿ ಆಕೆ ಹತ್ತೊಂಬತ್ತು ರಾತ್ರಿ ಕುರ್ಚಿಯಲ್ಲಿ ಎಚ್ಚರವಿದ್ದರು. ಮಕ್ಕಳು ಹಗಲು ಬರುತ್ತಿದ್ದರು, ರಾತ್ರಿ ಆಕೆಯದು. ಇಪ್ಪತ್ತನೆಯ ರಾತ್ರಿ ಮೂರು ಗಂಟೆಯ ಸುಮಾರಿಗೆ ಕಣ್ಣು ಹತ್ತಿತು. ನಾಲ್ಕೂಕಾಲಕ್ಕೆ ಯಾರೋ ಭುಜ ಮುಟ್ಟಿ ಎಬ್ಬಿಸಿದಾಗ ಎಲ್ಲ ಮುಗಿದಿತ್ತು. ಪತ್ರದ ಕೊನೆಯ ಸಾಲುಗಳನ್ನು ಆಕೆಯ ಒಪ್ಪಿಗೆಯಿಂದ ಹಾಗೆಯೇ ಕೊಡುತ್ತೇನೆ: ‘ಅವರು ಕರೆದಿರಬಹುದು. ನಾನು ನಿದ್ದೆ ಮಾಡುತ್ತಿದ್ದೆ. ಇದನ್ನು ನನ್ನ ಮಕ್ಕಳಿಗೂ ಹೇಳಿಲ್ಲ. ನಿಮಗೆ ಏಕೆ ಹೇಳುತ್ತಿದ್ದೇನೆ ಎಂದು ತಿಳಿಯದು.’

ಮೇಷ್ಟ್ರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಏನಾದರೂ ಬರೆಯಬೇಕೆಂದು ಕುಳಿತರೆ ಬರೆದದ್ದೆಲ್ಲ ಚಿಕ್ಕದಾಗಿ ಕಂಡಿತು. ಆಗ ನೋಟುಪುಸ್ತಕ ತೆರೆದರು.

ಇಲ್ಲಿ ಅವರು ಏನು ಮಾಡಿದರು ಎಂಬುದನ್ನು ನಿಧಾನವಾಗಿ ಹೇಳಬೇಕು. ತಪ್ಪು ಮುಖ ಹೋಯಿತು ಎಂದು ಕೇಳಿದ ಕೂಡಲೇ ನಾವೆಲ್ಲ ಬೆರಳು ಜಾರಿರಬೇಕು ಎಂದುಕೊಳ್ಳುತ್ತೇವೆ. ಬೆರಳು ಜಾರಿರಲಿಲ್ಲ. ಅವರು ಮೊದಲು 😭 ನೋಡಿದರು. ಅದು ಅಂಗಳದಲ್ಲಿ ಬಿದ್ದು ಗೋಳಾಡಿದ ಹಾಗಿದೆ, ಬೇಡ ಎನಿಸಿತು. ಆಮೇಲೆ 😢 ನೋಡಿದರು. ಆ ಮುಖ ಕಣ್ಣು ತೆರೆದುಕೊಂಡಿದೆ, ಆಟಿಕೆ ಕಳೆದುಕೊಂಡ ಮಗುವಿನಂತೆ ಕಂಡಿತು. ಗಂಡನನ್ನು ಕಳೆದುಕೊಂಡವರ ಮಾತಿಗೆ ಹೆಂಡತಿಯನ್ನು ಕಳೆದುಕೊಂಡವನು ಹೀಗೆ ಕಣ್ಣು ಪಿಳುಕಿಸಿ ನೋಡಬಾರದು ಎನಿಸಿತು. ಕೊನೆಗೆ ಮೂವತ್ತೊಂದನೆಯ ಸಾಲಿಗೆ ಬಂದರು. ಕಣ್ಣು ಮುಚ್ಚಿ, ಸದ್ದಿಲ್ಲದೆ, ಒಂದೇ ಹನಿ. ತಮ್ಮ ಹೆಂಡತಿ ಹೋದ ದಿನ ತಾವು ಅತ್ತದ್ದು ಹಾಗೆಯೇ ಎಂದು ಅವರು ನನ್ನೊಡನೆ ಹೇಳಿದರು. ಇದ್ದವುಗಳಲ್ಲಿ ಅತ್ಯಂತ ಗೌರವದ್ದನ್ನು ಆರಿಸಿದೆ ಎಂಬ ನಂಬಿಕೆಯಿಂದ ಅದನ್ನು ಒತ್ತಿದರು. ಮುಖವೇ ಎಲ್ಲ ಹೇಳುತ್ತದೆ ಎಂದು ಪಕ್ಕದಲ್ಲಿ ಒಂದು ಮಾತೂ ಬರೆಯಲಿಲ್ಲ. ಸಾಲು ಪೆನ್ಸಿಲಿನದು ಎಂಬುದು ಆ ಹೊತ್ತಿಗೆ ಕಣ್ಣಿಗೆ ಬೀಳಲಿಲ್ಲ.

ಒಂಬತ್ತು ನಿಮಿಷದ ನಂತರ ಆಕೆಯಿಂದ ಉತ್ತರ ಬಂತು: 🙏.

ಪುಸ್ತಕದಲ್ಲಿ ಅದರ ಅರ್ಥ ಶಾಯಿಯಲ್ಲಿತ್ತು: ನಮಸ್ಕಾರ, ಧನ್ಯವಾದ. ತಮ್ಮ ದುಃಖ ಅವರಿಗೆ ತಲುಪಿತು ಎಂದು ಮೇಷ್ಟ್ರು ನೆಮ್ಮದಿಯಿಂದ ಮಲಗಿದರು.

ಅತ್ತ ಕೇಳಿಸಿದ್ದು

ಮೈಸೂರಿನ ಮೇಡಂಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ದೃಷ್ಟಿ ಮಂಜಾಗಿದೆ. ಅದನ್ನು ಅವರು ಮೇಷ್ಟ್ರಿಗೆ ಇನ್ನೂ ಹೇಳಿರಲಿಲ್ಲ. ಸಂಬಂಧ ನೋಡುವ ಹಂತದಲ್ಲಿ ಹೇಳಲು ಹಿಂಜರಿದಿದ್ದರು, ಅದರಲ್ಲಿ ಆಶ್ಚರ್ಯವೇನಿಲ್ಲ. ಬಂದ ಸಂದೇಶಗಳನ್ನು ಮೊಬೈಲ್ ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ಈ ಸೌಲಭ್ಯ ಈಗಿನ ಬಹುತೇಕ ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲೂ ಇದೆ. ಅಕ್ಷರ ಬಂದರೆ ಅಕ್ಷರ ಓದುತ್ತದೆ. ಎಮೋಜಿ ಬಂದರೆ ಚಿತ್ರವನ್ನು ವರ್ಣಿಸುವುದಿಲ್ಲ, ಅದಕ್ಕೆ ನಿಗದಿಯಾದ ಹೆಸರನ್ನು ಓದುತ್ತದೆ.

ಆ ರಾತ್ರಿ ಆಕೆ ಕತ್ತಲಲ್ಲಿ ಫೋನ್ ಹಿಡಿದು ಕಾಯುತ್ತಿದ್ದರು. ಜೀವನದಲ್ಲಿ ಯಾರಿಗೂ ಹೇಳದ್ದನ್ನು ಹೇಳಿ ಕಾಯುತ್ತಿದ್ದರು. ಯಂತ್ರದ ದನಿ ಇಂಗ್ಲಿಷಿನಲ್ಲಿ ಎರಡು ಪದ ಹೇಳಿತು: ‘ಸ್ಲೀಪಿ ಫೇಸ್’. ನಿದ್ದೆಯ ಮುಖ.

ತಪ್ಪಾಗಿ ಕೇಳಿಸಿತೇನೋ ಎಂದು ಇನ್ನೊಮ್ಮೆ ಓದಿಸಿದರು. ಅದೇ ಎರಡು ಪದ. ಆಕೆಗೆ ಎರಡು ಅರ್ಥ ಹೊಳೆದವು ಎಂದು ನನಗೆ ಹೇಳಿದರು. ಒಂದು, ರಾತ್ರಿ ಹೊತ್ತಾಯಿತು, ನಿಮ್ಮ ಕಥೆ ಸಾಕು, ನನಗೆ ನಿದ್ದೆ ಬರುತ್ತಿದೆ. ಇನ್ನೊಂದನ್ನು ಹೇಳುವಾಗ ದನಿ ತಗ್ಗಿತು: ಹೌದು, ನೀವು ನಿದ್ದೆ ಮಾಡಿದಿರಿ. ‘ಮೊದಲನೆಯದಾಗಿದ್ದರೆ ನಾನು ಸಹಿಸುತ್ತಿದ್ದೆ’ ಎಂದರು. ಒಂಬತ್ತು ನಿಮಿಷ ಸುಮ್ಮನೆ ಕುಳಿತು, ಕೈ ಮುಗಿದು ಮುಗಿಸಿದರು.

ಹೀಗೆ ಆ 🙏 ಕೂಡ ದಾರಿ ತಪ್ಪಿತು. ಕೈ ಮುಗಿಯುವುದು ನಮ್ಮಲ್ಲಿ ಬರುವಾಗಲೂ ಇದೆ, ಹೋಗುವಾಗಲೂ ಇದೆ. ‘ನಿಮಗೊಂದು ದೊಡ್ಡ ನಮಸ್ಕಾರ’ ಎಂದು ಹೇಳಿ ಎದ್ದುಹೋದವರನ್ನು ನಾವೆಲ್ಲ ನೋಡಿದ್ದೇವೆ. ಮೊಮ್ಮಗಳ ಪಾಠದಲ್ಲಿ ಆ ಎರಡನೆಯ ನಮಸ್ಕಾರ ಇರಲಿಲ್ಲ. ಹದಿಮೂರರ ಹುಡುಗಿಗೆ ಅದು ತಿಳಿಯಬೇಕೆಂದು ನಾನು ಬಯಸುವುದೂ ಇಲ್ಲ.

ಒಂದು ಮಾತು ಸೇರಿಸಬೇಕು. ಆಕೆಗೆ ಕಣ್ಣು ಚೆನ್ನಾಗಿದ್ದು ಆ ಚಿತ್ರವನ್ನು ಪರದೆಯ ಮೇಲೆ ನೋಡಿದ್ದರೆ ಬಹುಶಃ ಆಕೆಗೂ ಕಣ್ಣೀರೇ ಕಾಣುತ್ತಿತ್ತು. 😪 ಅನ್ನು ಅಳುವೆಂದು ತಿಳಿದು ಬಳಸುವವರು ಚಿಕ್ಕವರಲ್ಲೂ ಬೇಕಾದಷ್ಟಿದ್ದಾರೆ. ಕಳಿಸಿದವರೂ ಪಡೆದವರೂ ಒಂದೇ ತಪ್ಪು ಮಾಡಿದರೆ ಸಂದೇಶ ಸರಿಯಾಗಿ ತಲುಪುತ್ತದೆ. ಇಲ್ಲಿ ಕಳಿಸಿದವರು ಚಿತ್ರ ನೋಡಿದರು, ಪಡೆದವರು ಹೆಸರು ಕೇಳಿದರು. ಎರಡರ ನಡುವೆ ತಪ್ಪು ಮುಚ್ಚಿಹೋಗಲು ಸಂದು ಉಳಿಯಲಿಲ್ಲ.

ಹದಿಮೂರು ದಿನ

ಮರುದಿನ ಕೃಷ್ಣ ಜನ್ಮಾಷ್ಟಮಿ. ಮೇಷ್ಟ್ರು ಶುಭಾಶಯ ಕಳಿಸಿದರು. ಎರಡು ಗೆರೆ ನೀಲಿಯಾಯಿತು, ಉತ್ತರ ಬರಲಿಲ್ಲ. ಬುಧವಾರ ‘ಆರೋಗ್ಯ ಹೇಗಿದೆ?’ ಎಂದು ಕೇಳಿದರು. ನೀಲಿ ಗೆರೆ, ಮೌನ. ಏನೋ ತಪ್ಪಾಗಿದೆ ಎಂದು ತಿಳಿಯಲು ಅದೇ ಗುರುತು ಸಾಕಿತ್ತು. ಮೂರು ತಿಂಗಳಲ್ಲಿ ಆಕೆ ಒಂದು ದಿನವೂ ಉತ್ತರಿಸದೆ ಇದ್ದವರಲ್ಲ. ಆದರೆ ಮೇಷ್ಟ್ರು ಕಾರಣವನ್ನು ಬೇರೆಲ್ಲ ಕಡೆ ಹುಡುಕಿದರು: ಸಕ್ಕರೆ ಹೆಚ್ಚಾಯಿತೇ, ಮಕ್ಕಳು ಬೇಡವೆಂದರೇ, ಅಷ್ಟು ಹೇಳಿಕೊಂಡದ್ದಕ್ಕೆ ಆಕೆಗೇ ನಾಚಿಕೆಯಾಯಿತೇ. ತಮ್ಮ ಉತ್ತರವನ್ನು ಅವರು ಒಮ್ಮೆಯೂ ಅನುಮಾನಿಸಲಿಲ್ಲ. ಅಷ್ಟು ಯೋಚಿಸಿ ಆರಿಸಿದ್ದನ್ನು ಯಾರು ಅನುಮಾನಿಸುತ್ತಾರೆ? ಕೇಳದೆ ಕರೆ ಮಾಡುವುದಿಲ್ಲ ಎಂದು ಮೊದಲೇ ಮಾತಾಗಿದ್ದರಿಂದ ಕರೆಯನ್ನೂ ಮಾಡಲಿಲ್ಲ.

ಸೆಪ್ಟೆಂಬರ್ 7, ಗಣೇಶ ಚತುರ್ಥಿ. ಮಗಳ ಮನೆಯವರು ಬಂದಿದ್ದರು. ಪೂಜೆ, ಕಡುಬು ಎಲ್ಲ ಮುಗಿದು ಮಧ್ಯಾಹ್ನ ಜಗಲಿಯಲ್ಲಿ ಕುಳಿತಾಗ ಮೊಮ್ಮಗಳು ಕೇಳಿದಳು, ‘ಮೈಸೂರಿನ ಅಜ್ಜಿ ಹೇಗಿದ್ದಾರೆ?’ ಮೇಷ್ಟ್ರು ಮಾತಾಡದೆ ಫೋನನ್ನು ಕೊಟ್ಟರು. ಪತ್ರದ ಭಾಗವನ್ನು ಓದಬೇಡ, ಅದರ ಕೆಳಗಿನಿಂದ ನೋಡು ಎಂದರು. ಆಕೆ ಹಾಗೆಯೇ ಮಾಡಿದಳು.

‘ಅಜ್ಜ, ಇದನ್ನು ಏಕೆ ಕಳಿಸಿದೆ? ನಿನಗೆ ನಿದ್ದೆ ಬಂದಿತ್ತೇ?’

‘ಅಳು ಬಂದಿತ್ತು.’

ಹುಡುಗಿ ಪರದೆಯ ಚಿತ್ರ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದಳು. ಹರಟೆಯ ಪುಟದಲ್ಲಿ ಎಮೋಜಿಯನ್ನು ನೇರವಾಗಿ ಹಿಗ್ಗಿಸಲು ಬರುವುದಿಲ್ಲ, ಹೀಗೆ ಚಿತ್ರ ತೆಗೆದೇ ನೋಡಬೇಕು. ಚಿಕ್ಕದಾಗಿದ್ದ ಮುಖ ಅಂಗೈಯಷ್ಟಾಯಿತು. ಹನಿ ಕಣ್ಣಿನಿಂದ ಬಂದಿರಲಿಲ್ಲ. ಮೂಗಿನಿಂದ ಇಳಿದಿತ್ತು.

ಮೂಗಿನ ದೀಪ

ಈ ಹನಿ ಮೂಗಿಗೆ ಹೇಗೆ ಬಂತು ಎಂಬುದಕ್ಕೆ ಜಪಾನಿಗೆ ಹೋಗಬೇಕು. ಎಮೋಜಿ ಹುಟ್ಟಿ ಬೆಳೆದದ್ದು ಅಲ್ಲಿನ ಮೊಬೈಲ್ ಕಂಪನಿಗಳಲ್ಲಿ. 1999ರಲ್ಲಿ ಶಿಗೆತಾಕಾ ಕುರಿತಾ ಅವರು ಎನ್‌ಟಿಟಿ ಡೊಕೊಮೊಗಾಗಿ ಮಾಡಿದ 176 ಚಿತ್ರಗಳು ಹೆಸರುವಾಸಿ. ಅಲ್ಲಿನ ವ್ಯಂಗ್ಯಚಿತ್ರ ಕಥೆಗಳಲ್ಲಿ ಮಲಗಿದವನ ಮೂಗಿನಿಂದ ಒಂದು ಗುಳ್ಳೆ ಉಬ್ಬುವುದನ್ನು ಬರೆಯುತ್ತಾರೆ. ಉಸಿರಿನೊಂದಿಗೆ ಹಿಗ್ಗಿ ಕುಗ್ಗುವ ಆ ಗುಳ್ಳೆಗೆ ಅವರಲ್ಲಿ ‘ಮೂಗಿನ ಕಾಗದದ ದೀಪ’ ಎಂಬ ಅರ್ಥದ ಹೆಸರೇ ಇದೆ. ಅದನ್ನು ನೋಡುತ್ತ ಬೆಳೆದ ಜಪಾನಿನ ಮಗುವಿಗೆ 😪 ಅಳುವಾಗಿ ಕಾಣುವುದೇ ಇಲ್ಲ. ನಮ್ಮಲ್ಲಿ ನಿದ್ದೆಗೆ ಗೊರಕೆಯ ಸದ್ದಿದೆ, ತೂಕಡಿಕೆ ಇದೆ, ಮೂಗಿನ ಗುಳ್ಳೆ ಇಲ್ಲ. ಮೂಗಿನಿಂದ ನೀರು ಇಳಿದರೆ ನಮಗೆ ನೆಗಡಿ, ಇಲ್ಲವೇ ಅಳು. ಜಪಾನಿನ ಗುರುತು ಶಿವಮೊಗ್ಗದ ಜಗಲಿಗೆ ಬಂತು, ಅದನ್ನು ಓದುವ ಅಭ್ಯಾಸ ಮಾತ್ರ ಅಲ್ಲಿಯೇ ಉಳಿಯಿತು.

2010ರಲ್ಲಿ ಯೂನಿಕೋಡ್ ಈ ಮುಖಗಳನ್ನು ಜಗತ್ತಿನ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರಪಟ್ಟಿಗೆ ಸೇರಿಸಿದಾಗ ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಹೆಸರು ಸಿಕ್ಕಿತು. ಅಳುವ 😢 U+1F622 ಆಯಿತು, ನಿದ್ದೆಯ 😪 U+1F62A ಆಯಿತು. ನಾವು ಮುಖ ಒತ್ತಿದಾಗ ಜಾಲದಲ್ಲಿ ಹೋಗುವುದು ಆ ಸಂಖ್ಯೆ ಮಾತ್ರ. ಚಿತ್ರ ಹುಟ್ಟುವುದು ಪಡೆದವರ ಫೋನಿನಲ್ಲಿ. ಆದ್ದರಿಂದಲೇ ಒಂದೇ ಮುಖ ಆ್ಯಪಲ್, ಗೂಗಲ್, ಸ್ಯಾಮ್ಸಂಗ್‌ಗಳಲ್ಲಿ ತುಸು ಬೇರೆ ಬೇರೆಯಾಗಿ ಕಾಣುತ್ತದೆ.

ಇದನ್ನು ಹೇಳಿದಾಗ ಮೇಷ್ಟ್ರ ಮುಖ ಅರಳಿತು. ಇದು ಅವರಿಗೆ ಗೊತ್ತಿದ್ದ ವ್ಯವಸ್ಥೆಯೇ. ಶುಭಾಶಯದ ತಂತಿಗೆ ಪೂರ್ತಿ ವಾಕ್ಯ ಕಳಿಸುವ ಅಗತ್ಯ ಇರಲಿಲ್ಲ. ದೀಪಾವಳಿಗೆ, ಮದುವೆಗೆ, ಹೀಗೆ ಸಿದ್ಧ ವಾಕ್ಯಗಳ ಮುದ್ರಿತ ಪಟ್ಟಿ ಕಚೇರಿಗಳಲ್ಲಿ ಇರುತ್ತಿತ್ತು, ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ. ಗ್ರಾಹಕ ಸಂಖ್ಯೆ ಆರಿಸುತ್ತಿದ್ದ. ತಂತಿಯಲ್ಲಿ ಸಂಖ್ಯೆ ಹೋಗುತ್ತಿತ್ತು. ಅತ್ತ ಕಚೇರಿಯವರು ಅದರ ವಾಕ್ಯ ಬರೆದು ಮನೆಗೆ ಮುಟ್ಟಿಸುತ್ತಿದ್ದರು. ಒಂದು ಅಂಕಿ ತಪ್ಪಿದರೆ ಪೂರ್ತಿ ವಾಕ್ಯವೇ ಬದಲಾಗುತ್ತದೆ, ಅದರಲ್ಲಿ ಕಾಗುಣಿತದ ತಪ್ಪೂ ಇರುವುದಿಲ್ಲ, ಹಾಗಾಗಿ ಪಡೆದವರಿಗೆ ಅನುಮಾನವೇ ಬರುವುದಿಲ್ಲ. ‘ಅಕ್ಷರ ತಪ್ಪಿದರೆ ಓದುವವರು ಸರಿಮಾಡಿಕೊಳ್ಳುತ್ತಾರೆ, ಅಂಕಿ ತಪ್ಪಿದರೆ ಆಗುವುದಿಲ್ಲ. ಅದಕ್ಕೇ ಅಂಕಿಗಳನ್ನು ಕೊನೆಯಲ್ಲಿ ಇನ್ನೊಮ್ಮೆ ಹೇಳಿ ತಾಳೆ ನೋಡುತ್ತಿದ್ದೆವು’ ಎಂದರು. ‘ಇಲ್ಲಿ ನಾನು ತಾಳೆ ನೋಡಲಿಲ್ಲ.’

ನನ್ನ ಮಟ್ಟಿಗೆ ಈ ಪ್ರಕರಣದ ಮೂಲ ಆ ಮಾತಿನಲ್ಲಿದೆ. ಒಂಟಿ ಎಮೋಜಿಗೆ ತಾಳೆ ನೋಡಲು ಏನೂ ಇರುವುದಿಲ್ಲ. ಪಕ್ಕದಲ್ಲಿ ‘ಓದಿ ಅಳು ಬಂತು’ ಎಂಬ ಮೂರು ಪದ ಇದ್ದಿದ್ದರೆ ಯಂತ್ರ ಅವನ್ನೂ ಓದುತ್ತಿತ್ತು, ನಿದ್ದೆಯ ಮುಖವನ್ನು ಆಕೆ ಕೈತಪ್ಪೆಂದು ಬಿಟ್ಟುಬಿಡುತ್ತಿದ್ದರು. ಮೊಮ್ಮಗಳ ಪಾಠವನ್ನು, ಮೇಷ್ಟ್ರ ಕಣ್ಣನ್ನು ನಾನು ದೂರುವುದಿಲ್ಲ. ಮಾತು ಚಿಕ್ಕದಾಯಿತು ಎಂದು ಮಾತನ್ನು ಬಿಟ್ಟು ಮುಖವನ್ನು ಮಾತ್ರ ಕಳಿಸಿದ್ದು ಎಡವಿದ ಜಾಗ.

ನೀಲಿ ಹನಿಯ ಮುಖಗಳು ಇವೆರಡೇ ಅಲ್ಲ ಎಂಬುದರಿಂದ ಹೊಸಬರಿಗೆ ಕಷ್ಟ ಹೆಚ್ಚುತ್ತದೆ. 😢ರಲ್ಲಿ ಹನಿ ಕಣ್ಣಿನದು. 😥, 😓, 😅 ಮೂರರಲ್ಲೂ ಹಣೆಯದು, ಅಂದರೆ ಬೆವರು: ಮೊದಲ ಎರಡು ಚಿಂತೆಗೆ, ಸುಸ್ತಿಗೆ, ಮೂರನೆಯದು ಪೇಚಿನ ನಗೆಗೆ. 🤤ರಲ್ಲಿ ಬಾಯಿಯ ಮೂಲೆಯ ಜೊಲ್ಲು. ಈ ಜೊಲ್ಲಿನ ಮುಖ ಫೋನಿನ ಸಾಲಿನಲ್ಲಿ 😪ರ ಮಗ್ಗುಲಲ್ಲೇ ಕೂರುತ್ತದೆ, ಅದರ ಆಚೆಗೆ 😴. ಮೇಷ್ಟ್ರು ಎಡಕ್ಕೆ ನೋಡಿ 😔ರಿಂದ ಅರ್ಥ ಊಹಿಸಿದ್ದರು. ಬಲಕ್ಕೆ ನೋಡಿದ್ದರೆ ಅನುಮಾನ ಬರುತ್ತಿತ್ತು. ಈಗ ನನ್ನ ತರಗತಿಯಲ್ಲಿ ಮುಖದ ಭಾವ ಹೇಳಿ ಎಂದು ನಾನು ಕೇಳುವುದಿಲ್ಲ, ಹನಿ ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಖಚಿತವಾಗದಿದ್ದರೆ ಫೋನಿನಿಂದಲೇ ಓದಿಸಿ ಕೇಳಿ ಎನ್ನುತ್ತೇನೆ.

ತಿದ್ದಿದ ಬಗೆ

ಅಳಿಸುವ ದಾರಿ ಮುಚ್ಚಿತ್ತು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ಹದಿನೈದು ನಿಮಿಷದೊಳಗೆ ತಿದ್ದಬಹುದು, ಎರಡು ದಿನಕ್ಕಿಂತ ತುಸು ಹೆಚ್ಚು ಕಾಲದೊಳಗೆ ಎರಡೂ ಕಡೆ ಅಳಿಸಬಹುದು. ಹದಿಮೂರು ದಿನ ಕಳೆದಿತ್ತು. ಕಾಲ ಇದ್ದಿದ್ದರೂ ಅಳಿಸುವುದನ್ನು ನಾನು ಒಪ್ಪುತ್ತಿರಲಿಲ್ಲ. ಆಕೆ ಕೇಳಿಯಾಗಿತ್ತು. ಅಳಿಸಿದ ಜಾಗದಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಗುರುತು ಉಳಿಯುತ್ತದೆ, ಮನಸ್ಸಿನ ಮಾತು ಹೊರಬಿದ್ದ ಮೇಲೆ ಮುಚ್ಚಿಟ್ಟರು ಎಂದು ಅದನ್ನು ಓದಿಕೊಳ್ಳಬಹುದು.

ಮೊಮ್ಮಗಳು ಅಳುಮೋರೆ ಮಾಡಿಕೊಂಡು ಒಂದು ಸಂದೇಶ ಬರೆದುಕೊಟ್ಟಳು: ‘ಸಾರಿ ಮೇಡಂ, ಕೈತಪ್ಪಿ ಹೋಯಿತು 😅🙏’.

ಮೇಷ್ಟ್ರು ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ‘ಈ ಹನಿ ಯಾವುದು?’

‘ಬೆವರು ಅಜ್ಜ. ಪೇಚಾಯಿತು ಎಂದು.’

‘ನಗುತ್ತಿದೆಯಲ್ಲ ಪುಟ್ಟಿ. ಅವರು ನಗುವ ವಿಷಯ ಬರೆದಿರಲಿಲ್ಲ. ಕೈತಪ್ಪಲೂ ಇಲ್ಲ, ನಾನು ಆರಿಸಿ ಕಳಿಸಿದ್ದು.’

ಈ ತೀರ್ಮಾನ ಸರಿಯಾಗಿತ್ತು. ಕೈತಪ್ಪಿತು ಎಂದರೆ ಏನು ಕಳಿಸಬೇಕೆಂದಿದ್ದೆ ಎಂಬುದು ತಿಳಿಯುವುದಿಲ್ಲ, ಆಕೆಯ ಗಾಯ ಹಾಗೆಯೇ ಉಳಿಯುತ್ತದೆ. ಅವರು ಒಳಗೆ ಹೋಗಿ ಒಂದು ಗಂಟೆ ಕುಳಿತು ಒಂದೂ ಮುಖವಿಲ್ಲದೆ ಇದನ್ನು ಬರೆದರು:

‘ನಮಸ್ಕಾರ. ಆಗಸ್ಟ್ 25ರ ರಾತ್ರಿ ನಿಮ್ಮ ಪತ್ರ ಓದಿ ನನಗೆ ಅಳು ಬಂತು. ಅಳುವ ಮುಖವೆಂದು ತಿಳಿದು ನಾನು ಕಳಿಸಿದ್ದು ನಿದ್ದೆಯ ಮುಖ ಎಂಬುದು ಇವತ್ತು ಮೊಮ್ಮಗಳಿಂದ ತಿಳಿಯಿತು. ಮುಚ್ಚಿದ ಕಣ್ಣಿನ ಕೆಳಗಿದ್ದ ಹನಿಯನ್ನು ಕಣ್ಣೀರು ಎಂದುಕೊಂಡೆ. ತಪ್ಪು ನನ್ನದು. ಆ ಪತ್ರಕ್ಕೆ ಆ ಚಿತ್ರ ನಿಮಗೆ ಎಷ್ಟು ನೋವು ಕೊಟ್ಟಿರಬೇಕು ಎಂಬುದು ಈಗ ಅರ್ಥವಾಗುತ್ತಿದೆ. ನಾನು ಹೇಳಬೇಕೆಂದಿದ್ದುದು ಇಷ್ಟು: ನೀವು ಹತ್ತೊಂಬತ್ತು ರಾತ್ರಿ ಎಚ್ಚರವಿದ್ದವರು.’

ಗೆರೆಗಳು ಆ ಸಂಜೆಯೇ ನೀಲಿಯಾದವು. ಮರುದಿನ, ಭಾನುವಾರ, ಆಕೆಯೇ ಕರೆ ಮಾಡಿದರು. ಮೊದಲ ಕರೆ. ಇಪ್ಪತ್ತೆರಡು ನಿಮಿಷ. ಮೊದಲಿಗೆ ಕಣ್ಣಿನ ವಿಷಯ ಹೇಳಿದರು, ಮುಚ್ಚಿಟ್ಟದ್ದಕ್ಕೆ ಕ್ಷಮೆ ಕೇಳಿದರು. ಉಳಿದದ್ದನ್ನು ಮೇಷ್ಟ್ರು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ಒಪ್ಪಂದವನ್ನು ಮಾತ್ರ ಹೇಳಿದರು: ಇನ್ನು ಮುಂದೆ ಮೊದಲು ಮಾತು, ಆಮೇಲೆ ಮುಖ.

ಮದುವೆಯ ಮಾತು ಇನ್ನೂ ಆಗಿಲ್ಲ. ಅಕ್ಟೋಬರ್‌ನಲ್ಲಿ ಮೇಷ್ಟ್ರು ದಸರೆಯ ನೆಪದಲ್ಲಿ ರೈಲು ಹತ್ತಿ ಅರಸೀಕೆರೆ, ಹಾಸನ ದಾಟಿ ಮೈಸೂರಿಗೆ ಹೋಗಿ ಬಂದರು.

ನೋಟುಪುಸ್ತಕದಲ್ಲಿ ಈಗ ‘ಹನಿ ಎಲ್ಲಿ’ ಎಂಬ ನಾಲ್ಕನೆಯ ಕಾಲಂ ಇದೆ. ಮೂವತ್ತೊಂದನೆಯ ಸಾಲಿನ ಪೆನ್ಸಿಲ್ ಅಳಿಸಿ, ಶಾಯಿಯಲ್ಲಿ ‘ನಿದ್ದೆ. ಹನಿ ಮೂಗಿನದು’ ಎಂದು ಬರೆದಿದ್ದಾರೆ. ಅದರ ಮುಂದೆ ನವೆಂಬರ್ ತಿಂಗಳ ಒಂದು ತಾರೀಖಿದೆ. ಅದೇನೆಂದು ಕೇಳಿದಾಗ ಫೋನ್ ತೆಗೆದು ಆ ರಾತ್ರಿ ಮೈಸೂರಿನಿಂದ ಬಂದ ಸಂದೇಶ ತೋರಿಸಿದರು: ‘ಇವತ್ತು ಬೇಗ ನಿದ್ದೆ ಬರುತ್ತಿದೆ, ಮಲಗುತ್ತೇನೆ. ನಾಳೆ ಮಾತಾಡೋಣ 😪’.